ಹೆಬ್ಬಾಳದ ವರ್ಕ್‌ಶಾಪೋ, ಬೆಂಗಳೂರಿನ ಎಂಎನ್‌ಸಿಯೋ?

"ನಾನು ಮಂಡ್ಯದವನು, ಈ ವರ್ಷ ಮೆಕ್ಯಾನಿಕಲ್ ಬಿಇ ಮುಗೀತು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಪ್ಪ-ಮಕ್ಕಳು ನಡೆಸೋ ಸಿಎನ್‌ಸಿ ವರ್ಕ್‌ಶಾಪಲ್ಲಿ ಕೈಗೆ 18,000 ಕೊಡ್ತಾರಂತೆ, 18 ಜನ ಇದ್ದಾರೆ. ಬೆಂಗಳೂರಿನ ಎಂಎನ್‌ಸಿಯಲ್ಲಿ 3.6 ಲಕ್ಷ ಪ್ಯಾಕೇಜ್. ಯಾವುದಕ್ಕೆ ಸೇರಲಿ?"

ಪ್ಯಾಕೇಜನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಅಂದುಕೊಳ್ಳಬೇಡಿ. ಆಫರ್ ಲೆಟರಿನಲ್ಲಿ ಸಂಬಳ ಬಿಡಿಸಿಟ್ಟ ಪಟ್ಟಿ ಇರುತ್ತೆ, ಅದನ್ನು ನೋಡಿ. ಬೇಸಿಕ್ 15,000 ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿ ಬಾಬ್ತು ಸುಮಾರು 720, ಎರಡೂ ಆ 30,000ದ ಒಳಗೇ ಸೇರಿರುತ್ತವೆ. ಶೇ 10 ವೇರಿಯಬಲ್ ಪೇ ಇದ್ದರೆ ಇನ್ನೊಂದು 3,000 ಪ್ರತಿ ತಿಂಗಳು ಬರಲ್ಲ. ಉಳಿದ 24,480ರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಕಳೆದರೆ ಕೈಗೆ 22,680. ಪಿಜಿಗೆ 8,000 ಕೊಟ್ಟರೆ ಉಳಿಯೋದು 14,680. ಮಂಡ್ಯದ ಮನೆಯಿಂದ ರೈಲು ಪಾಸಿನಲ್ಲಿ ಓಡಾಡುವವರಿಗೆ 18,000 ಕಮ್ಮಿಯೇನಲ್ಲ.

ಹಾಗಾಗಿ ದುಡ್ಡನ್ನು ಬದಿಗಿಡಿ. ಸಣ್ಣ ಫರ್ಮಿನಲ್ಲಿ ಎಡವುವುದು ದಾಖಲೆಯಲ್ಲಿ. ಎರಡು ವರ್ಷ ಬಿಟ್ಟು ದೊಡ್ಡ ಕಂಪನಿಗೆ ಹೋದಾಗ ಅವರು ಹಿಂದಿನ ಕೆಲಸವನ್ನು ಪರಿಶೀಲಿಸುತ್ತಾರೆ. ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟ ಅನುಭವ ಪತ್ರ ಒಂದನ್ನೇ ನಂಬುವವರು ಕಡಿಮೆ. ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಖಾತೆಯ ಸೇವಾ ವಿವರ ಕೇಳ್ತಾರೆ. ಸಂಬಳ ಕವರಿನಲ್ಲಿ ಕೈಗೆ ಬಂದಿದ್ದರೆ ಆ ಎರಡು ವರ್ಷ ತೋರಿಸಲು ಏನೂ ಇರಲ್ಲ.

ಪಿಎಫ್ ಕಡ್ಡಾಯವಾಗುವುದು 20 ಜನರಿದ್ದಾಗ. 18 ಜನರ ಶಾಪ್ ಅದನ್ನು ಕಟ್ಟದಿದ್ದರೆ ಮೋಸ ಅನ್ನೋಕಾಗಲ್ಲ. ಇಎಸ್ಐ ಮಾತ್ರ 10 ಜನರಿದ್ದರೆ ಸಾಕು, ಅನ್ವಯ, ಸಂಬಳ 21,000ದ ಒಳಗಿದ್ದರೆ. ನಿಮ್ಮ ಸಂಬಳಕ್ಕೆ ತಿಂಗಳಿಗೆ ಸುಮಾರು 135 ರೂಪಾಯಿ ಹಿಡಿಯಬೇಕು. ಅದನ್ನೂ ಹಿಡಿಯಲ್ಲ ಅಂದರೆ ಹುಷಾರಾಗಿ. ಮೆಷಿನ್ ಪಕ್ಕದ ಕೆಲಸದಲ್ಲಿ ಬೆರಳಿಗೆ ಪೆಟ್ಟಾದ ದಿನ ಬೇಕಾಗುವುದು ಅದೇ. "ಪಿಎಫ್ ಇದೆ" ಅಂತ ಬಾಯಲ್ಲಿ ಹೇಳಿದರೆ ಇಪಿಎಫ್‌ಒ ಜಾಲತಾಣದ Establishment Search ಪುಟದಲ್ಲಿ ಫರ್ಮಿನ ಹೆಸರು ಹಾಕಿ. View Payment Details ಒತ್ತಿದರೆ ಯಾವ ತಿಂಗಳು ಎಷ್ಟು ಜನರಿಗೆ ಕಟ್ಟಿದ್ದಾರೆ ಅನ್ನೋದು ಕಾಣುತ್ತೆ. ಶಾಪಿನಲ್ಲಿ 18 ಜನ, ಅಲ್ಲಿ 6 ಅಂತಿದ್ದರೆ ನೀವು ಆರರಲ್ಲೋ ಉಳಿದವರಲ್ಲೋ ಅಂತ ಕೇಳಿ.

ಇನ್ನು ಕೆಲಸ. ಒಳ್ಳೆ ಶಾಪಾದರೆ ಡ್ರಾಯಿಂಗ್ ಓದಿ ಕೊಟೇಶನ್ ಹಾಕೋದು, ಪ್ರೋಗ್ರಾಂ, ಮೊದಲ ಪೀಸಿನ ತಪಾಸಣೆ, ರಿಜೆಕ್ಷನ್ ಬಂದಾಗ ಗ್ರಾಹಕನ ಬೈಗುಳ, ಎಲ್ಲಾ ಒಂದೇ ವರ್ಷದಲ್ಲಿ ದಕ್ಕುತ್ತೆ. ಕೆಟ್ಟದಾದರೆ ಬಿಲ್ ಬರೆಯೋದು, ಯಜಮಾನರ ಕಾರು ಸರ್ವಿಸಿಗೆ ಬಿಡೋದು. ಯಾವುದು ಅಂತ ತಿಳಿಯಲು, ನಿಮಗಿಂತ ಮುಂಚೆ ಆ ಜಾಗದಲ್ಲಿದ್ದವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ, ಆಗುವುದಾದರೆ ಅವರಿಗೇ ಫೋನ್ ಮಾಡಿ.

ನೇಮಕಾತಿ ಪತ್ರ, ಬ್ಯಾಂಕಿಗೆ ಸಂಬಳ, ಇಎಸ್ಐ, ಈ ಮೂರೂ ಸಿಕ್ಕಿ ಮೆಷಿನ್ ಮುಟ್ಟಲು ಬಿಡುವುದಾದರೆ ನಾನು ಹೆಬ್ಬಾಳ ಅನ್ನುತ್ತೇನೆ. ಎಂಎನ್‌ಸಿ ಕೆಲಸ ಡಿಸೈನ್ ಅಥವಾ ಕ್ವಾಲಿಟಿಯದ್ದಾದರೆ ಮಾತ್ರ ಮರುಯೋಚನೆ ಮಾಡಿ. ಹೆಸರು ಎಂಜಿನಿಯರ್, ಕೆಲಸ ಕಾಲ್‌ ಸೆಂಟರಿನದ್ದು ಅನ್ನೋ ಆಫರ್‌ಗಳೂ ಇರ್ತವೆ. ಎಲ್ಲೇ ಸೇರಿ, ಮೂಲ ಮಾರ್ಕ್ಸ್ ಕಾರ್ಡ್ ಮಾತ್ರ ಇಟ್ಟುಬರಬೇಡಿ, ಜೆರಾಕ್ಸ್ ಸಾಕು.