ಅರವತ್ತು ಸಾವಿರದ ವ್ಯತ್ಯಾಸ ನಿಜಕ್ಕೂ ಎಷ್ಟು?

ಶಿರಸಿಯಲ್ಲಿದ್ದೇನೆ, ವಾರಕ್ಕೊಮ್ಮೆ ಕುಮಟಾಕ್ಕೆ ಹೋಗಿಬರುತ್ತೇನೆ. ಒಂದೇ ಪೆಟ್ರೋಲ್ ಕಾರಿನ ಮಧ್ಯದ ವೇರಿಯಂಟ್ 9.60 ಲಕ್ಷ; ಸನ್‌ರೂಫ್, ಅಲಾಯ್ ಚಕ್ರ, ದೊಡ್ಡ ಪರದೆ ಇರುವ ಮೇಲಿನದು 10.20 ಲಕ್ಷ. ಅರವತ್ತು ಸಾವಿರ ಹೆಚ್ಚು ಕೊಡಬಹುದೇ?

ಬೇಡ, ಮಧ್ಯದ್ದನ್ನೇ ತೆಗೆದುಕೊಳ್ಳಿ. ನೀವು ಹೆಚ್ಚು ಕೊಡುವುದು ಅರವತ್ತು ಸಾವಿರವಲ್ಲ, ಲಕ್ಷದ ಹತ್ತಿರ.

ಕರ್ನಾಟಕದಲ್ಲಿ ಹತ್ತು ಲಕ್ಷದವರೆಗಿನ ಇಂತಹ ಕಾರಿಗೆ ರಸ್ತೆ ತೆರಿಗೆ ಶೇ. 14, ಅದನ್ನು ದಾಟಿದರೆ ಶೇ. 17. ಹೊಸ ದರ ಬೀಳುವುದು ದಾಟಿದ ಇಪ್ಪತ್ತು ಸಾವಿರಕ್ಕಷ್ಟೇ ಅಲ್ಲ, ಇಡೀ ಬೆಲೆಗೆ. ಹಾಗಾಗಿ ಮಧ್ಯದ್ದಕ್ಕೆ 1,34,400 ರೂಪಾಯಿ ತೆರಿಗೆಯಾದರೆ ಮೇಲಿನದಕ್ಕೆ 1,73,400. ಅಲ್ಲಿಗೆ ವ್ಯತ್ಯಾಸ 99,000. ಸೆಸ್ ಮತ್ತು ವಿಮೆಯ ಹೆಚ್ಚಳ ಬೇರೆ. ಷೋರೂಮಿನ ಬೆಲೆ ಬಿಟ್ಟು ಆನ್‌ರೋಡ್ ಬೆಲೆಗಳನ್ನೇ ಹೋಲಿಸಬೇಕೆನ್ನುವುದು ಇದಕ್ಕೇ.

ಇನ್ನು ಆ ಹಣಕ್ಕೆ ಸಿಗುವುದೇನು? ಅಲಾಯ್ ಚಕ್ರ, ಪರದೆಗಳನ್ನು ಬೇಕಾದಾಗ ಹೊರಗೆ ಹಾಕಿಸಬಹುದು. ಸನ್‌ರೂಫನ್ನು ಹಾಗೆ ಮಾಡಲಾಗದು, ನಿಜ. ಆದರೆ ಶಿರಸಿಯ ಮಳೆಗಾಲದಲ್ಲಿ ಅದನ್ನು ತೆರೆಯುವ ದಿನಗಳನ್ನು ನೀವೇ ಎಣಿಸಿ.

ಒಂದನ್ನು ಮಾತ್ರ ಸಹಿ ಹಾಕುವ ಮೊದಲು ನೋಡಿಕೊಳ್ಳಿ: ಮಧ್ಯದ ವೇರಿಯಂಟಿನಲ್ಲಿ ಹಿಂದಿನ ವೈಪರ್ ಮತ್ತು ಡಿಫಾಗರ್, ಅಂದರೆ ಗಾಜಿನ ಮಂಜು ಕರಗಿಸುವ ಬಿಸಿತಂತಿ, ಇವೆಯೇ? ಆ ತಂತಿ ಗಾಜಿನಲ್ಲೇ ಅಚ್ಚಾಗಿ ಬರುತ್ತದೆ. ಆಮೇಲೆ ಬೇಕೆಂದರೆ ಗಾಜು ಬದಲಿಸಿ ವೈರಿಂಗ್ ಎಳೆಯಬೇಕು. ಜುಲೈನಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಗಾಜು ಬೆಳ್ಳಗಾದರೆ ಬೆನ್ನಿಗಿರುವ ಲಾರಿ ಕಾಣುವುದಿಲ್ಲ. ಇವೆರಡೂ ಮೇಲಿನದರಲ್ಲಿ ಮಾತ್ರ ಇದ್ದರೆ ನನ್ನ ಉತ್ತರ ಬದಲಾಗುತ್ತದೆ.