ಆ 6 ಫ್ಯಾಟ್ ಬಂದಾಗ ಕ್ಯಾನ್ ಕಲಕಿದ್ರಾ?

"ಪ್ಯಾಕೆಟ್ ಹಾಲು ಲೀಟರಿಗೆ 100 ಅಂತ ಇಟ್ಕೊಂಡ್ರೆ ನಮಗೆ ಸಿಗೋ ಬಿಡಿ ಹಾಲು 95. ಪ್ಯಾಕೆಟ್ 3 ಫ್ಯಾಟ್, ಬಿಡಿ ಹಾಲು ಟೆಸ್ಟ್ ಮಾಡಿಸಿದ್ರೆ 6 ಬಂತು. ಅಂದ್ರೆ ಅರ್ಧ ರೇಟಿಗೇ ಸಿಕ್ಕಂಗಲ್ವಾ? ಪ್ಯಾಕೆಟ್ ನಿಲ್ಲಿಸಿಬಿಡ್ಲಾ?"

ಸ್ವಲ್ಪ ತಡೀರಿ, ಇವತ್ತೇ ನಿಲ್ಲಿಸಬೇಡಿ. ಆ 6 ಬಂದ ಸ್ಯಾಂಪಲ್ ತೆಗೆಯುವಾಗ ಕ್ಯಾನ್ ಕಲಕಿದ್ರಾ? ನಿಮ್ಮ ಪೋಸ್ಟಿನಲ್ಲಿ ಅದೊಂದು ಮಾತು ಬಿಟ್ಟು ಉಳಿದದ್ದೆಲ್ಲಾ ಇದೆ. ನಾನೂ ಇದೇ ತಪ್ಪು ಮಾಡಿ ತಿಂಗಳುಗಟ್ಟಲೆ ಜಂಬ ಕೊಚ್ಚಿಕೊಂಡವನು, ಅದಕ್ಕೇ ಕೇಳುತ್ತಿದ್ದೇನೆ.

ಆಗ ನಮ್ಮ ಮನೆಗೆ ಹಾಲು ಕ್ಯಾನಿನಲ್ಲಿ ಬರುತ್ತಿತ್ತು. ರಾತ್ರಿಯೆಲ್ಲಾ ತಣ್ಣಗೆ ನಿಂತ ಹಾಲು. ಹಾಲಿನವರು ಮುಚ್ಚಳ ತೆಗೆದ ತಕ್ಷಣ ನಾನು ಸೌಟು ಹಾಕಿ ಮೇಲಿಂದ ಒಂದಿಷ್ಟು ತೆಗೆದು ಬಾಟಲಿಗೆ ಹಾಕಿದೆ. ಹಾಲು ಟೆಸ್ಟ್ ಮಾಡುವ ಕೆಲಸದಲ್ಲಿರುವ ಗೆಳೆಯನ ಹತ್ತಿರ ಒಯ್ದೆ. 5.8 ಬಂತು. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಲೆಕ್ಕ ಹೇಳಿದೆ, ನಾನೇ ಜಾಣ ಅಂತ. ಮೂರು ತಿಂಗಳ ಮೇಲೆ ಅದೇ ಗೆಳೆಯ ಮನೆಗೆ ಬಂದ. ಕಾಫಿ ಕುಡಿದು, "ಇದಕ್ಕೆ 5.8 ಎಲ್ಲಿಂದ ಬರಬೇಕು? ಸ್ಯಾಂಪಲ್ ಹೇಗೆ ತೆಗೆದಿದ್ದೆ?" ಅಂದ. ಹೇಳಿದೆ. ಅವನು ನಗಲಿಲ್ಲ, ಲೋಟ ಕೆಳಗಿಟ್ಟು, "ನೀನು ಕೆನೆ ಟೆಸ್ಟ್ ಮಾಡಿಸಿದ್ದೀಯ, ಹಾಲಲ್ಲ" ಅಂದ.

ಮಾರನೇ ದಿನ ಅವನೇ ನಿಂತು ತೆಗೆಸಿದ. ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ನಿಧಾನವಾಗಿ ಹೊಯ್ದು, ತಕ್ಷಣ ಸೌಟು ತಳಮಟ್ಟ ಇಳಿಸಿ ತೆಗೆದದ್ದು. ಬಂದದ್ದು 4.1. ಅದೇ ಕ್ಯಾನು, ಅದೇ ಹಸುಗಳು. ಹಾಲಿನವರದ್ದೇನೂ ಮೋಸ ಇರಲಿಲ್ಲ. ನಿಂತ ಹಾಲಿನಲ್ಲಿ ಕೆನೆ ಮೇಲೇಳುತ್ತದೆ, ಅಷ್ಟೇ.

ಇನ್ನೊಂದು ವಿಷಯ ಅವತ್ತೇ ಹೊಳೆಯಿತು. ಕ್ಯಾನಿಗೆ ಕೆಳಗೆ ನಲ್ಲಿ ಇದ್ದರೆ ಮೊದಲು ಕೊಂಡವರಿಗೆ ತೆಳು ಹಾಲು, ಕೊನೆಯವರಿಗೆ ಕೆನೆ. ಸೌಟಿನಲ್ಲಿ ಮೇಲಿಂದ ತೆಗೆದರೆ ಉಲ್ಟಾ. ನೀವು ಸಾಲಿನಲ್ಲಿ ಎಲ್ಲಿದ್ದೀರಿ ಅನ್ನುವುದರ ಮೇಲೆ ಒಂದೇ ರೇಟಿಗೆ ಬೇರೆ ಬೇರೆ ಹಾಲು ಸಿಗುತ್ತದೆ. ಹಾಗಾಗಿ ಸುಮ್ನೆ ಒಂದು ದಿನದ ಟೆಸ್ಟ್ ನಂಬಬೇಡಿ. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಿಸಿ ಸರಾಸರಿ ತೆಗೆಯಿರಿ. ಎರಡು ಕರಾವಿನ ನಡುವೆ ಹೊತ್ತು ಕಡಿಮೆಯಿದ್ದಾಗ ಫ್ಯಾಟ್ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಸ್ಯಾಂಪಲ್ ಬಾಟಲಿಯ ಗೋಡೆಗೆ ಕೆನೆ ಅಂಟಿದ್ದರೆ ಬಿಸಿನೀರಿನಲ್ಲಿ ಇಟ್ಟು 40 ಡಿಗ್ರಿ ತನಕ ಬೆಚ್ಚಗೆ ಮಾಡಿ, ಮೆಲ್ಲಗೆ ತಿರುಗಿಸಿ. ಜೋರಾಗಿ ಕುಲುಕಿದರೆ ಬೆಣ್ಣೆಯ ಹರಳು ಬಿಡುತ್ತದೆ, ಆಮೇಲೆ ಆ ಸ್ಯಾಂಪಲ್ ಕೆಲಸಕ್ಕೆ ಬರಲ್ಲ.

ಫ್ಯಾಟ್ ಆಯ್ತು. ಅದಕ್ಕಿಂತ ಮೊದಲೇ ನೋಡಬೇಕಾದದ್ದು ನಿಮ್ಮ "ಲೀಟರ್" ನಿಜವಾಗಿ ಲೀಟರೇ ಅಂತ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದೆಯಲ್ಲಾ, ಅದರ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಹಾಲು ಹಾಕಿಸಿಕೊಳ್ಳಿ. ಒಂದು ಲೀಟರ್ ಹಾಲು ಸುಮಾರು 1030 ಗ್ರಾಂ ತೂಗಬೇಕು. ನಮ್ಮಲ್ಲಿ ಮೂರು ದಿನ ತೂಗಿದೆ, 950 ಗ್ರಾಂ ಆಸುಪಾಸು ಬಂತು. ಅಂದ್ರೆ ಸಿಕ್ಕಿದ್ದು 922 ಮಿಲಿ. ಮಿಕ್ಕಿದ್ದು ನೊರೆ. ಎತ್ತರದಿಂದ ಸುರಿದಾಗ ಅಳತೆಯ ಪಾತ್ರೆ ಕಂಠದವರೆಗೆ ತುಂಬಿದ ಹಾಗೆ ಕಾಣುತ್ತದೆ, ನೊರೆ ಇಳಿದ ಮೇಲೆ ಬೆರಳಷ್ಟು ಕೆಳಗೆ ಕೂತಿರುತ್ತದೆ. ಕೇಳಿದ್ದಕ್ಕೆ ಹಾಲಿನವರು ಬೇಜಾರಾದರು. ಮಾರನೇ ದಿನದಿಂದ ಮೇಲೊಂದು ಚೂರು ಸುರಿಯುತ್ತಿದ್ದರು, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ.

ಒಂದು ಎಚ್ಚರಿಕೆ. ತಕ್ಕಡಿ ಅಳತೆಯನ್ನು ಮಾತ್ರ ಹಿಡಿಯುತ್ತದೆ, ನೀರನ್ನಲ್ಲ. ಹತ್ತು ಭಾಗದಲ್ಲಿ ಒಂದು ಭಾಗ ನೀರಿದ್ದರೂ ಲೀಟರಿನ ತೂಕದಲ್ಲಿ ಮೂರೇ ಗ್ರಾಂ ವ್ಯತ್ಯಾಸ. "ತೂಕ ಸರಿ ಬಂತು, ಹಾಲು ಗಟ್ಟಿ" ಅಂತ ಇಲ್ಲಿ ಬಂದು ಹಾಕಬೇಡಿ.

ನೀರು ಬೆರೆಸಿದ್ದನ್ನು ಹಿಡಿಯಲು ಹಾಲಿನಲ್ಲಿ ತೇಲಿಬಿಟ್ಟು ಸಾಂದ್ರತೆ ನೋಡುವ ಲ್ಯಾಕ್ಟೋಮೀಟರ್ ಸಾಕು, 28 ತೋರಿಸಿದರೆ ಅಪ್ಪಟ ಹಾಲು ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅರ್ಧ ಸರಿ ಸರ್. ನೀರು ಹಾಕಿದರೆ ರೀಡಿಂಗ್ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡೂ ಮಾಡಿದ ಹಾಲು ನಿಮ್ಮ 28ಕ್ಕೇ ಬಂದು ನಿಲ್ಲಬಹುದು. ಈಗಷ್ಟೇ ಕರೆದ ಹಾಲಿನಲ್ಲೂ ರೀಡಿಂಗ್ ಸ್ವಲ್ಪ ಕಡಿಮೆ ಬರುತ್ತದೆ, ಗಾಳಿ ಸೇರಿರುತ್ತದೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದ್ರೆ ನೀರು ಮತ್ತು ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ, ಎರಡೂ ಕೊಡುವ ಟೆಸ್ಟೇ ಮಾಡಿಸಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಮ್ಮ ರೇಟಿಗೆ ನನ್ನ ಹಾಲಿನ ಅಂಕಿ ಹಾಕಿ ತೋರಿಸುತ್ತೇನೆ. 95 ಕೊಟ್ಟು ಸಿಕ್ಕಿದ್ದು 922 ಮಿಲಿ ಆದರೆ ನಿಜವಾದ ಲೀಟರಿಗೆ ಬಿದ್ದದ್ದು 103. ಪ್ಯಾಕೆಟ್ 100. ಲೀಟರಿನ ಲೆಕ್ಕದಲ್ಲಿ ಅಲ್ಲೇ ಬಿಡಿ ಹಾಲು ದುಬಾರಿ ಆಯ್ತು.

ಆದರೆ ಕಲಕಿದ ಮೇಲೂ ಫ್ಯಾಟ್ 4.1 ಇದೆ, ಪ್ಯಾಕೆಟ್ 3. ಇಲ್ಲಿ ಬರೀ ಫ್ಯಾಟಿನಿಂದ ಭಾಗಿಸಬೇಡಿ. ಎಸ್‌ಎನ್‌ಎಫ್‌ಗೂ ಬೆಲೆ ಇದೆ. ಫ್ಯಾಟಿಗೆ ಒಂದು ಬೆಲೆ ಇಟ್ಟು ಎಸ್‌ಎನ್‌ಎಫ್‌ಗೆ ಅದರ ಮೂರರಲ್ಲಿ ಎರಡು ಪಾಲು ಇಡುವ ಲೆಕ್ಕ ಡೇರಿಗಳಲ್ಲಿ ಬಳಕೆಯಲ್ಲಿದೆ, ನಾನು ಅದನ್ನೇ ಹಿಡಿದಿದ್ದೇನೆ. ಪ್ಯಾಕೆಟ್ 3 ಫ್ಯಾಟ್, 8.5 ಎಸ್‌ಎನ್‌ಎಫ್. 8.5ರ ಮೂರರಲ್ಲಿ ಎರಡು ಪಾಲು 5.67. ಕೂಡಿದರೆ 8.67. 100ನ್ನು ಅದರಿಂದ ಭಾಗಿಸಿದರೆ ಒಂದು ಅಂಶಕ್ಕೆ 11.5. ನಮ್ಮ ಬಿಡಿ ಹಾಲಿನ ಎಸ್‌ಎನ್‌ಎಫ್ 7.9 ಬಂದಿತ್ತು, ಅದರ ಪಾಲು 5.27. ಫ್ಯಾಟ್ ಸೇರಿಸಿದರೆ 9.37. 103 ಭಾಗ 9.37, ಅಂದ್ರೆ 11. ಬಿಡಿ ಹಾಲು ಗೆದ್ದಿತು, ಆದರೆ ನೂರಕ್ಕೆ ನಾಲ್ಕೈದರ ಅಂತರದಲ್ಲಿ. ಅರ್ಧ ರೇಟು ಎಲ್ಲಿ, ಇದೆಲ್ಲಿ!

ಆ ಅಂತರವೂ ಉಳಿಯಲಿಲ್ಲ. ತಿಂಗಳಿಗೆ 30 ಲೀಟರ್ ಕೊಳ್ಳುತ್ತಿದ್ದೆವು. ಅದರಲ್ಲಿ ಒಂದು ದಿನದ ಹಾಲು ಕಾಯಿಸುವಾಗಲೇ ಒಡೆಯುತ್ತಿತ್ತು, ಬೇಸಿಗೆಯಲ್ಲಿ ಎರಡು. ಒಂದೇ ಲೀಟರ್ ಹೋಯಿತು ಅಂದುಕೊಂಡರೂ ಆ 11 ಹೋಗಿ 11.4 ಆಗುತ್ತದೆ. ಪ್ಯಾಕೆಟ್ 11.5. ಇಷ್ಟಕ್ಕೆ ನಾನು ಮೂರು ತಿಂಗಳು ಜಾಣ ಅನ್ನಿಸಿಕೊಂಡಿದ್ದು.

ಆದರೆ ನೀವು ಬೆಣ್ಣೆ ತೆಗೆಯುವವರಾದರೆ ನನ್ನ ಈ ಲೆಕ್ಕ ನಿಮಗಲ್ಲ. ಬೆಣ್ಣೆಗೆ ಫ್ಯಾಟೇ ಮುಖ್ಯ. 103ನ್ನು 4.1ರಿಂದ ಭಾಗಿಸಿದರೆ 25, ಪ್ಯಾಕೆಟ್ 33. ಅಲ್ಲಿ ಬಿಡಿ ಹಾಲು ಸಲೀಸಾಗಿ ಗೆಲ್ಲುತ್ತದೆ. ನನ್ನ ಗೆಳೆಯ ಅಂತೂ ಮೂರರಲ್ಲಿ ಎರಡು ಅನ್ನುವುದು ಹಾಲು ಕೊಳ್ಳುವ ಡೇರಿಯ ಲೆಕ್ಕ, ಮನೆಯಲ್ಲಿ ಕುಡಿಯುವವರಿಗೆ ಎರಡಕ್ಕೂ ಸಮ ಬೆಲೆ ಹಾಕು ಅಂತಾನೆ. ಹಾಗೆ ಹಾಕಿದರೆ ಬಿಡಿ ಹಾಲಿನ ಅಂತರ ಇನ್ನೂ ಕುಗ್ಗುತ್ತದೆ. ನಮ್ಮಿಬ್ಬರಿಗೂ ಇದರಲ್ಲಿ ಇವತ್ತಿಗೂ ಒಪ್ಪಂದ ಆಗಿಲ್ಲ.

ಕೆನೆ ಕಟ್ಟದ ಪ್ಯಾಕೆಟ್ ಹಾಲು ಬರೀ ನೀರು ಅಂತ ಬರೆದ ಅಕ್ಕಾ, ನಿಮ್ಮ ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತ ಇದೆಯಾ ನೋಡಿ. ಅದರಲ್ಲಿ ಕೊಬ್ಬಿನ ಹನಿಗಳನ್ನು ಸಣ್ಣಗೆ ಒಡೆದಿರುತ್ತಾರೆ, ಮೇಲೇಳುವುದೇ ಇಲ್ಲ. ಫ್ಯಾಟ್ ಹಾಲಿನೊಳಗೇ ಇದೆ. ಕೆನೆ ಬೇಕೇ ಬೇಕು ಅಂದರೆ ಆ ಪದ ಇಲ್ಲದ ಪ್ಯಾಕೆಟ್ ತಗೊಳ್ಳಿ, ಫ್ಯಾಟ್ ಅಷ್ಟೇ ಇದ್ದರೂ ಪರವಾಗಿಲ್ಲ.

ಪ್ಯಾಕೆಟ್ ಪ್ಯಾಕೆಟ್ ಹೋಲಿಸುವಾಗಲೂ ಜನ ಎಡವುತ್ತಾರೆ. ಒಂದು ಕಡೆ ಫ್ಯಾಟ್ 3% ಅಂತಲೂ ಇನ್ನೊಂದರಲ್ಲಿ 100 ಮಿಲಿಗೆ 3.1 ಗ್ರಾಂ ಅಂತಲೂ ಇರುತ್ತದೆ. ಎರಡೂ ಒಂದೇ. ಮೊದಲನೆಯದು ತೂಕದ ಮೇಲೆ, ಎರಡನೆಯದು ಅಳತೆಯ ಮೇಲೆ. ಆ 0.1ಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಎ2 ಅಂತ ದೊಡ್ಡಕ್ಷರದಲ್ಲಿ ಬರೆದದ್ದಕ್ಕೂ ಫ್ಯಾಟಿಗೂ ಸಂಬಂಧ ಇಲ್ಲ, ಅದು ಒಂದು ಬಗೆಯ ಪ್ರೋಟೀನಿನ ಹೆಸರು. ಫಾರ್ಮ್, ಫ್ರೆಶ್, ಹಸಿರು ಹುಲ್ಲಿನ ಚಿತ್ರ, ಇವಕ್ಕೆಲ್ಲಾ ನಾನು ಒಂದು ಪೈಸೆ ಜಾಸ್ತಿ ಕೊಡಲ್ಲ. ಹಿಂದೆ ತಿರುಗಿಸಿ ಅಂಕಿ ಓದಿ.

ಚಿಕ್ಕ ಪ್ಯಾಕೆಟ್ ದುಬಾರಿ ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಲೆಕ್ಕ ಹಾಕುವಾಗ ಮರೆಯುತ್ತಾರೆ. ಲೀಟರ್ ಪ್ಯಾಕೆಟ್ 100, ಅರ್ಧ ಲೀಟರಿಂದು 52 ಅಂದ್ರೆ ಲೀಟರಿಗೆ 104 ಕೊಟ್ಟ ಹಾಗೆ. ಬಿಡಿ ಹಾಲಿನಲ್ಲಿ ಕಷ್ಟಪಟ್ಟು ಉಳಿಸಿದ್ದು ಇಷ್ಟೇ ಅಲ್ವಾ? ಹಾಗಂತ ದೊಡ್ಡದು ತಂದು ಕಾಲು ಭಾಗ ಹುಳಿಯಾದರೆ ಚಿಕ್ಕದೇ ಲಾಭ. ಗಾಜಿನ ಬಾಟಲಿಯಾದರೆ ಠೇವಣಿ ಬೇರೆ ಇಟ್ಟುಕೊಳ್ಳಿ, ಒಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾನು ಎರಡು ಒಡೆದಿದ್ದೇನೆ.

ಟೆಟ್ರಾ ಪ್ಯಾಕ್ ಅಷ್ಟು ದುಬಾರಿ ಯಾಕೆ, ಅದರಲ್ಲಿ ಫ್ಯಾಟ್ ಜಾಸ್ತಿ ಇರುತ್ತಾ ಅಂತ ಕೇಳಿದ ತಮ್ಮಾ, ಇಲ್ಲಪ್ಪ. 3 ಫ್ಯಾಟ್ ಅಲ್ಲೂ 3 ಫ್ಯಾಟೇ. ಜಾಸ್ತಿ ಕೊಡುವುದು ಹಾಲನ್ನು ಕ್ಷಣಮಾತ್ರ ಬಹಳ ಬಿಸಿಗೇರಿಸಿ, ಗಾಳಿ ಬೆಳಕು ತಾಗದ ಡಬ್ಬಿಗೆ ತುಂಬಿದ್ದಕ್ಕೆ. ಡಬ್ಬಿ ತೆರೆಯುವ ತನಕ ಫ್ರಿಜ್ ಬೇಡ. ತೆರೆದ ಮೇಲೆ ಅದೂ ಮಾಮೂಲಿ ಹಾಲೇ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಊರಿಗೆ ಹೋಗಿ ಬರುವ ದಿನಕ್ಕೆ ಒಂದು ಡಬ್ಬಿ ಇಟ್ಟುಕೊಳ್ಳುತ್ತೇನೆ, ದಿನಕ್ಕೆ ಬೇಡ. ಅದನ್ನೂ ಉಕ್ಕಿಸಿ ಉಕ್ಕಿಸಿ ಕುಡಿಯುವವರಿದ್ದಾರೆ, ಗ್ಯಾಸ್ ಖರ್ಚು ಯಾರ ಲೆಕ್ಕಕ್ಕೆ?

ಮತ್ತೆ, ಪ್ಯಾಕೆಟ್ಟಿನವರನ್ನೂ ತೂಗಿ ನೋಡಿ. ಅರ್ಧ ಲೀಟರ್ ಹಾಲು 515 ಗ್ರಾಂ ಇರಬೇಕು, ಮೇಲಿನ ಪ್ಲಾಸ್ಟಿಕ್ಕಿಗೆ ಒಂದೆರಡು ಗ್ರಾಂ ಬಿಡಿ. ಒಂದು ಕಡಿಮೆ ಬಂದ ಕೂಡಲೇ ಜಗಳಕ್ಕೆ ಹೋಗಬೇಡಿ. ಹತ್ತು ತೂಗಿ, ಎಲ್ಲಾ ಕಡಿಮೆ ಬಂದರೆ ಕೇಳಿ. ತೊಟ್ಟಿಕ್ಕುವ ಪ್ಯಾಕೆಟ್ ಹಿಡಿದು ತಂದು "ಕಡಿಮೆ ಇದೆ" ಅಂದರೆ ನಗುತ್ತಾರೆ, ನಾನೇ ನಗಿಸಿಕೊಂಡಿದ್ದೇನೆ.

ನೀವು ಈಗ ಮಾಡಬೇಕಾದದ್ದು ಎರಡು. ನಾಳೆ ಹಾಲು ತೂಗಿ. ಆಮೇಲೆ ಚೆನ್ನಾಗಿ ಕಲಕಿಸಿ ತೆಗೆದ ಸ್ಯಾಂಪಲ್ಲನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತು ಟೆಸ್ಟಿಗೆ ಕೊಡಿ. ನಿಮ್ಮದು ಎಮ್ಮೆ ಹಾಲಾದರೆ ಕಲಕಿದ ಮೇಲೂ 6 ಬರಬಹುದು, ಆಗ ನಾನು ಹೇಳಿದ್ದೆಲ್ಲಾ ಉಲ್ಟಾ. ಎಮ್ಮೆಯೋ ಹಸುವೋ ಅಂತ ನೀವು ಬರೆದೇ ಇಲ್ಲ ನೋಡಿ. ಅದನ್ನೂ ಎಸ್‌ಎನ್‌ಎಫ್ ಅಂಕಿಯನ್ನೂ ಇಲ್ಲೇ ಹಾಕಿ, ಮಿಕ್ಕಿದ್ದು ಆಮೇಲೆ ನೋಡೋಣ.