ಚಂದ್ರ ಬಂದರೆ ಮೋಸ ಅಂತಲೇ ಹೇಳಬೇಕಾ?

"ಸದಾ ಆತಂಕದಲ್ಲಿರುವ ಗೆಳತಿಗೆ ಮೂರು ಟ್ಯಾರೋ ಕಾರ್ಡ್ ತೆಗೆದೆ. ಅದರಲ್ಲಿ 'ಈಗಿನ ಸ್ಥಿತಿ'ಗೆ ಚಂದ್ರ, 'ಸಲಹೆ'ಗೆ ನಕ್ಷತ್ರ. ಚಂದ್ರ ಅಂದ್ರೆ ಮೋಸ ಅಂತಾರೆ, ಹೇಗೆ ಹೇಳಲಿ?"

ಮೋಸ ಅನ್ನೋ ಮಾತು ಇಲ್ಲಿ ದಯವಿಟ್ಟು ಬೇಡ. ಕೇಳಿದ ತಕ್ಷಣ ಅವರು ಯಾರು ಮೋಸ ಮಾಡ್ತಿದ್ದಾರೆ ಅಂತ ಹುಡುಕೋಕೆ ಶುರು ಮಾಡ್ತಾರೆ. ರೈಡರ್-ವೇಟ್ ಟ್ಯಾರೋ ಕಟ್ಟಿನಲ್ಲಿ ಚಂದ್ರನ ಚಿತ್ರ ನೋಡಿ: ನಾಯಿ, ತೋಳ ಎರಡೂ ಚಂದ್ರನತ್ತ ಮುಖ ಎತ್ತಿವೆ, ಆದರೆ ನಡುವಿನ ದಾರಿಯಲ್ಲಿ ಅಡ್ಡ ಯಾರೂ ನಿಂತಿಲ್ಲ. ಮಂದ ಬೆಳಕಲ್ಲಿ ಪಳಗಿದ್ದು, ಕಾಡಿನದು ಒಂದೇ ಥರ ಕಾಣುತ್ತೆ. ಹಾಗಾಗಿ "ಕಂಡಿದ್ದೇನು, ಊಹಿಸಿದ್ದೇನು?" ಅಂತ ಕೇಳಿ. ಫೋನ್ ಎತ್ತಲಿಲ್ಲ ಅನ್ನೋದು ಕಂಡದ್ದು. ಕೋಪ ಬಂದಿದೆ ಅನ್ನೋದು ಊಹೆ.

ನಕ್ಷತ್ರವನ್ನು "ಎಲ್ಲ ಸರಿಹೋಗುತ್ತೆ" ಅಂತ ಓದಬೇಡಿ. ಕ್ರಮದಲ್ಲಿ ಅದು 17, ಚಂದ್ರ 18. ಕತ್ತಲು ಕಳೆದ ಮೇಲಿನ ಕಾರ್ಡ್ ಅಲ್ಲ. ಸಲಹೆಯ ಜಾಗದಲ್ಲಿ ಆ ಕಾರ್ಡಿನ ಚಿತ್ರದಲ್ಲಿರುವ ಹೆಂಗಸಿನ ಭಂಗಿಯೇ ಉತ್ತರ: ಒಂದು ಮೊಣಕಾಲು ನೆಲದ ಮೇಲೆ, ಒಂದು ಪಾದ ನೀರಲ್ಲಿ, ಎರಡು ಹೂಜಿಯಿಂದ ನೆಲಕ್ಕೂ ಕೊಳಕ್ಕೂ ನೀರು. ನೀರನ್ನು ಭಾವನೆ ಅಂತ, ನೆಲವನ್ನು ದಿನದ ಬದುಕು ಅಂತ ಓದಿ. ಅಂದರೆ ಭಾವನೆಗೆ ಜಾಗ ಕೊಡುತ್ತಲೇ ದಿನಕ್ಕೊಂದು ಸಣ್ಣ ಕೆಲಸ ಹಿಡಿಯೋದು. ಅದು ಯಾವುದು ಅಂತ ಅವರೇ ಹೇಳಲಿ.

"ಇನ್ನೊಂದು ಕಾರ್ಡ್ ತೆಗಿ" ಅಂದ್ರೆ ತೆಗೆಯಬೇಡಿ. ಆ ಸಮಾಧಾನ ಸ್ವಲ್ಪ ಹೊತ್ತಿನದು, ಆಮೇಲೆ ಮತ್ತೆ ಕೇಳ್ತಾರೆ. ನಿದ್ದೆ, ಊಟ ಕೆಟ್ಟಿದ್ದರೆ ಕಾರ್ಡ್ ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಕಳಿಸಿ.